ಕೋನಕ್ಕೆ ಒಂದು ಅಂಕ, ಕಾರಣಕ್ಕೆ ಒಂದು ಅಂಕ

ಒಂಬತ್ತನೇ ತರಗತಿಯ 'ರೇಖೆಗಳು ಮತ್ತು ಕೋನಗಳು' ಅಧ್ಯಾಯದ ಪರೀಕ್ಷೆಯಾದ ಮೇಲೆ ಮಕ್ಕಳೂ ತಂದೆತಾಯಂದಿರೂ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಉತ್ತರವೆಲ್ಲ ಸರಿ ಇದೆ, ಆದರೂ ಅರ್ಧ ಅಂಕ ಏಕೆ ಹೋಯಿತು?" ಪ್ರಶ್ನೆಯಲ್ಲಿ 'ಕಾರಣ ಸಹಿತ' ಎಂದಿದ್ದರೆ ಪ್ರತಿ ಕೋನದ ಪಕ್ಕದಲ್ಲೂ ಅದು ಎಲ್ಲಿಂದ ಬಂತೆಂದು ಬರೆಯಬೇಕು. ಎಂಥ ಕಾರಣಕ್ಕೆ ಅಂಕ ಸಿಗುತ್ತದೆ, ಎಂಥದ್ದಕ್ಕೆ ಸಿಗುವುದಿಲ್ಲ ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಚಿತ್ರ ಬಿಡಿಸಿಕೊಂಡು ಓದಬೇಕು.

ಮೇಲೆ AB, ಕೆಳಗೆ CD ಎಂಬ ಎರಡು ಸಮಾಂತರ ರೇಖೆಗಳನ್ನು ಎಳೆಯಿರಿ. A ಮತ್ತು C ಎಡಗಡೆ ಇರಲಿ. AB ಮೇಲೆ P ಬಿಂದು, CD ಮೇಲೆ ಎಡಕ್ಕೆ Q, ಬಲಕ್ಕೆ R ಗುರುತಿಸಿ PQ, PR ಸೇರಿಸಿ. ದತ್ತ: AB ∥ CD, ∠APQ = 50°, ∠PRD = 115°. ಕಂಡುಹಿಡಿಯಬೇಕಾದದ್ದು ∠QPR. ಅಂಕಗಳು 4.

ಪೂರ್ಣ ಅಂಕ ಪಡೆಯುವ ಉತ್ತರ ಹೀಗಿರುತ್ತದೆ:

∠PQR = ∠APQ = 50° (ಪರ್ಯಾಯ ಒಳಕೋನಗಳು, AB ∥ CD)
∠PRD = ∠PQR + ∠QPR (ತ್ರಿಭುಜದ ಬಾಹ್ಯಕೋನವು ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ)
∠QPR = 115° − 50° = 65°

ಮೊದಲ ಹಂತದ ಕೋನಕ್ಕೆ 1, ಕಾರಣಕ್ಕೆ 1. ಕೊನೆಯ ಕೋನಕ್ಕೆ 1, ಬಾಹ್ಯಕೋನದ ಕಾರಣಕ್ಕೆ 1. ಕೆಲವರು ಬೇರೆ ದಾರಿಯಲ್ಲಿ ಹೋಗುತ್ತಾರೆ. ಸರಳಯುಗ್ಮದಿಂದ ∠PRQ = 65° ಪಡೆದು, ತ್ರಿಭುಜದ ಒಳಕೋನಗಳ ಮೊತ್ತ 180° ಎಂಬುದರಿಂದ ಉತ್ತರ ತರುತ್ತಾರೆ. ಅದೂ ಸರಿಯಾದ ದಾರಿಯೇ. ಅಲ್ಲಿ ಕೊನೆಯ 2 ಅಂಕಗಳನ್ನು ಎರಡು ಕೋನ, ಎರಡು ಕಾರಣಗಳಿಗೆ ಅರ್ಧರ್ಧವಾಗಿ ಹಂಚಬೇಕು.

ಮೊದಲ ಹಂತಕ್ಕೆ ಹಲವರು 'ಸಮಾಂತರ ರೇಖೆಗಳು' ಎಂದಷ್ಟೇ ಬರೆಯುತ್ತಾರೆ. ಸಮಾಂತರ ರೇಖೆಗಳಿಂದ ಅನುರೂಪ ಕೋನಗಳೂ ಸಮವಾಗುತ್ತವೆ, ಪರ್ಯಾಯ ಕೋನಗಳೂ ಸಮವಾಗುತ್ತವೆ, ಛೇದಕದ ಒಂದೇ ಪಾರ್ಶ್ವದ ಒಳಕೋನಗಳು ಸೇರಿ 180° ಆಗುತ್ತವೆ. ಇವುಗಳಲ್ಲಿ ಯಾವುದನ್ನು ಬಳಸಿದ್ದು ಎಂದು ಹೇಳದಿದ್ದರೆ ಅದು ಕಾರಣವಾಗುವುದಿಲ್ಲ. ಇನ್ನು ಕೆಲವರು 'ಪರ್ಯಾಯ ಕೋನಗಳು' ಎಂದು ಮಾತ್ರ ಬರೆಯುತ್ತಾರೆ. ಯಾವ ಎರಡು ರೇಖೆಗಳನ್ನು ಛೇದಕ ಕತ್ತರಿಸಿದರೂ ಪರ್ಯಾಯ ಕೋನಗಳು ಇದ್ದೇ ಇರುತ್ತವೆ. ಅವು ಸಮವಾಗಲು ರೇಖೆಗಳು ಸಮಾಂತರವಾಗಿರಬೇಕು. ಆದ್ದರಿಂದ AB ∥ CD ಬಿಟ್ಟವರಿಗೆ ನಾನು ಅರ್ಧ ಅಂಕ ಕೊಡುತ್ತೇನೆ. ಪರೀಕ್ಷೆಯ ಅಂಕಸೂಚಿ ಬೇರೆ ರೀತಿ ಹೇಳಿದ್ದರೆ ಅದನ್ನೇ ಅನುಸರಿಸಬೇಕು.

ಮೌಲ್ಯಮಾಪನದಲ್ಲಿ ಕಣ್ಣು ತಪ್ಪಿಸುವ ಉತ್ತರ ಇನ್ನೊಂದಿದೆ:

∠PRQ = 65° (ಸರಳಯುಗ್ಮ)
∠QPR = ∠PRQ = 65° (ಸಮದ್ವಿಬಾಹು ತ್ರಿಭುಜ)

ಸಂಖ್ಯೆ ಸರಿಯಾಗಿದೆ. ಉತ್ತರ ಬಂದ ಮೇಲೆ ನೋಡಿದರೆ ತ್ರಿಭುಜವೂ ಸಮದ್ವಿಬಾಹುವೇ. ಆದರೆ PQ = QR ಎಂದು ದತ್ತದಲ್ಲಿ ಎಲ್ಲೂ ಇಲ್ಲ. ಚಿತ್ರ ನೋಡಿ ಹಾಗೆ ಅನ್ನಿಸಿದ್ದನ್ನೇ ಕಾರಣವೆಂದು ಬರೆಯಲಾಗಿದೆ. ಇದನ್ನು ಪರೀಕ್ಷಿಸಲು ದತ್ತದ ಸಂಖ್ಯೆಯೊಂದನ್ನು ಬದಲಿಸಿ ನೋಡಿ. 115° ಬದಲು 120° ಇಟ್ಟರೆ ಸರಿಯಾದ ದಾರಿಯಲ್ಲಿ ∠QPR = 120° − 50° = 70°. 'ಸಮದ್ವಿಬಾಹು' ದಾರಿಯಲ್ಲಾದರೆ 60° ಬರುತ್ತದೆ. ಸಂಖ್ಯೆ ಬದಲಾದೊಡನೆ ಕೈಕೊಡುವ ಕಾರಣ ಮೊದಲ ಲೆಕ್ಕದಲ್ಲೂ ಕಾರಣವಾಗಿರಲಿಲ್ಲ. ಈ ಉತ್ತರದಲ್ಲಿ ಸರಳಯುಗ್ಮದ ಹಂತಕ್ಕೆ 1 ಅಂಕ ಸಲ್ಲುತ್ತದೆ. ಎರಡನೇ ಸಾಲಿಗೆ ಏನೂ ಇಲ್ಲ, ಏಕೆಂದರೆ ದತ್ತವಾದ 50° ಅನ್ನು ಅದು ಮುಟ್ಟಿಯೇ ಇಲ್ಲ.

ಇದಕ್ಕೆ ವಿರುದ್ಧವಾದ ಉತ್ತರಪತ್ರಿಕೆಯೂ ಸಿಗುತ್ತದೆ. ಮೊದಲ ಹಂತ ಪೂರ್ತಿ ಸರಿಯಾಗಿ ಬರೆದ ಮಗು 180 − 115 = 75 ಎಂದು ಕಳೆಯುತ್ತದೆ, ಪಕ್ಕದಲ್ಲಿ 'ಸರಳಯುಗ್ಮ' ಎಂದು ಬರೆಯುತ್ತದೆ. ಆಮೇಲೆ ಒಳಕೋನಗಳ ಮೊತ್ತದಿಂದ 180 − 50 − 75 = 55° ಎಂದು ಮುಗಿಸುತ್ತದೆ. ಕೊನೆಯ ಉತ್ತರ ತಪ್ಪು. ಆದರೆ ತಪ್ಪಾಗಿದ್ದು ಒಂದು ವ್ಯವಕಲನ ಮಾತ್ರ. ಮುಂದಿನ ಸಾಲು ಕೈಯಲ್ಲಿದ್ದ 75ರಿಂದ ಸರಿಯಾಗಿಯೇ ಬಂದಿದೆ. ಅರ್ಧ ಅಂಕ ಕಳೆದು ಮೂರೂವರೆ ಕೊಡುವುದು ನ್ಯಾಯ. ಒಂದೇ ತಪ್ಪಿಗೆ ಎರಡು ಸಲ ಅಂಕ ಕಳೆಯಬಾರದು.

ಸಂಜೆ ಪಾಠ ಹೇಳಿಕೊಡುವ ಯುವಕ ಯುವತಿಯರು ತಿದ್ದುವಾಗ ಸಂಖ್ಯೆಯನ್ನು ಬೆರಳಿನಿಂದ ಮುಚ್ಚಿ ಕಾರಣವನ್ನಷ್ಟೇ ಓದಲಿ. ಯಾವ ನಿಯಮ ಎಂಬುದು ಅದರಲ್ಲಿದೆಯೇ, ಆ ನಿಯಮಕ್ಕೆ ಬೇಕಾದದ್ದು ದತ್ತದಲ್ಲಾಗಲಿ ಮೇಲಿನ ಸಾಲುಗಳಲ್ಲಾಗಲಿ ಇದೆಯೇ ಎಂದು ನೋಡಲಿ. ಎರಡಕ್ಕೂ ಹೌದು ಎನ್ನುವಂತಿದ್ದರೆ ಕಾರಣದ ಅಂಕ ಕೊಡಬಹುದು. ಹತ್ತನೇ ತರಗತಿಯಲ್ಲಿ ತ್ರಿಭುಜಗಳ ಸಮರೂಪತೆಯನ್ನು ಸಾಧಿಸುವಾಗ ಡಿಗ್ರಿಗಳೇ ಇರುವುದಿಲ್ಲ, ಆವರಣದೊಳಗಿನ ಈ ಕಾರಣಗಳಷ್ಟೇ ಉಳಿಯುತ್ತವೆ. 65° ಬಂತೆಂದು ಇಂದು ಪೂರ್ಣ ಅಂಕ ಪಡೆದ ಮಗು ಅಲ್ಲಿ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ.