ಸಿಲಿಕೋನ್ ಅಚ್ಚು: ಓವನ್ನಿಗೆ ಇಡುವ ಮುನ್ನ

ಹೊಸ ಓಟಿಜಿ ಜೊತೆಗೆ ಸಿಲಿಕೋನ್ ಮಫಿನ್ ಅಚ್ಚನ್ನೂ ತಂದೆಯಂತೆ. ಅಚ್ಚಿನ ಬೆನ್ನ ಮೇಲೆ 230 ಡಿಗ್ರಿ ಅಂತ ಬರೆದಿದೆ, ನಾನು ಇಡೋದು 180ಕ್ಕೆ, ಹೆದರಿಕೆ ಯಾಕೆ ಅಂತ ಕೇಳಿದೆಯಲ್ಲ. ಅಚ್ಚು ಅಸಲಿಯಾಗಿದ್ದರೆ 180 ಅದಕ್ಕೊಂದು ಲೆಕ್ಕವೇ ಅಲ್ಲ ಕಣೇ. ಅಸಲಿ ಹೌದೋ ಅಲ್ಲವೋ ಅಂತ ಮೊದಲು ನೋಡು.

ಅಚ್ಚಿನ ಗೋಡೆಯನ್ನು ಚಿವುಟಿ ತಿರುಚಿದಾಗ ಬಿಳಿ ಗೆರೆ ಮೂಡಿದರೆ ಬೇರೇನೋ ಬೆರೆಸಿದ್ದಾರೆ ಅಂತಾರೆ. ಅದೊಂದನ್ನೇ ನಂಬಬೇಡ, ಕೆಲವು ಬಣ್ಣಗಳೂ ಹಾಗೆ ಬೆಳ್ಳಗಾಗುತ್ತವೆ. ನಾನು ಮೂಗನ್ನೇ ಹೆಚ್ಚು ನಂಬುತ್ತೇನೆ. ಸಿಲಿಕೋನನ್ನು ಅಚ್ಚು ಹೊಯ್ದ ಮೇಲೆ ಕಾರ್ಖಾನೆಯವರು ಮತ್ತೆ ಕೆಲವು ಗಂಟೆ ಸುಮಾರು 200 ಡಿಗ್ರಿಯಲ್ಲಿ ಕಾಯಿಸಬೇಕು. ಒಳಗೆ ಉಳಿದ, ಬಿಸಿಗೆ ಆವಿಯಾಗುವ ಅಂಶಗಳು ಆಗಲೇ ಹೊರಬೀಳೋದು. ಖರ್ಚು ಉಳಿಸೋಕೆ ಅದನ್ನು ಬಿಟ್ಟವರ ಅಚ್ಚು ನಿನ್ನ ಓವನ್ನಿನಲ್ಲಿ ನಾತ ಬಿಡುತ್ತದೆ. ಅದಕ್ಕೇ ಸೋಪು ಹಾಕಿ ತೊಳೆದು, ಒರೆಸಿ, ಹಿಟ್ಟಿಲ್ಲದೆ 180ರಲ್ಲಿ ಅರ್ಧ ಗಂಟೆ ಇಡು, ಕಿಟಕಿ ತೆಗೆದಿರಲಿ. ಎರಡನೇ ಸಲವೂ ರಬ್ಬರಿನ ಘಾಟು ಬಂದರೆ ಅದನ್ನು ಐಸ್ ಅಚ್ಚಿಗೂ ಇಟ್ಟುಕೊಳ್ಳಬೇಡ, ವಾಪಸ್ ಕಳಿಸು. ಸೋಪು, ಮೇಣದ ಬತ್ತಿ ಮಾಡುವ ಅಚ್ಚುಗಳೂ ನೋಡೋಕೆ ಇದೇ ಥರ ಇರುತ್ತವೆ. ಆಹಾರಕ್ಕೆ ಅಂತ ಬರೆದಿರದಿದ್ದರೆ ಕೊಳ್ಳಲೇಬೇಡ.

ಇನ್ನು ಆ 230ರ ವಿಷಯ. ಅದು ಅಚ್ಚು ತಾಳುವ ಬಿಸಿ. ನಾಬಿನ 180 ಒಳಗಿನ ಗಾಳಿಯದು. ಆದರೆ ಕೆಂಪಗೆ ಹೊಳೆಯುವ ಕಂಬಿ 500 ಡಿಗ್ರಿ ದಾಟಿರುತ್ತದೆ. ಓಟಿಜಿ ಚಿಕ್ಕದು, ಅಚ್ಚಿನ ಅಂಚು ಮೇಲಿನ ಕಂಬಿಗೆ ಎರಡು ಬೆರಳಿನಷ್ಟು ಹತ್ತಿರವಿದ್ದರೆ ಗಾಳಿ 180 ಇದ್ದರೂ ಅಂಚು ಎಷ್ಟೋ ಹೆಚ್ಚು ಕಾಯುತ್ತದೆ. ಮೊದಲು ಅಂಚು ಕಂದಾಗುತ್ತದೆ, ಆಮೇಲೆ ಬಿರುಸಾಗಿ ಬಾಗಿಸಿದರೆ ಸೀಳುತ್ತದೆ. ಹಾಗಾದ ಅಚ್ಚನ್ನು ಎಸೆದುಬಿಡು.

ಆದ್ದರಿಂದ ಓವನ್ ಮೊದಲೇ ಕಾಯಲಿ. ಆಗ ಕಂಬಿಗಳು ಪೂರ್ತಿ ಉರಿಯುತ್ತಿರುತ್ತವೆ, ಅಚ್ಚು ಒಳಗಿರಬಾರದು. ಆಮೇಲೆ ಅಚ್ಚನ್ನು ಲೋಹದ ಟ್ರೇ ಮೇಲಿಟ್ಟು, ಹಿಟ್ಟು ಹಾಕಿ, ನಡು ಅಂತಸ್ತಿಗೆ ಸರಿಸು. ಟ್ರೇ ಇಲ್ಲದೆ ಎತ್ತಿದರೆ ಮಧ್ಯಕ್ಕೆ ಬಾಗಿ ಹಿಟ್ಟೆಲ್ಲ ಚೆಲ್ಲುತ್ತದೆ. ಹಿಟ್ಟು ಸಾಲದೆ ಗುಳಿಗಳು ಖಾಲಿ ಉಳಿದರೆ ಒಂದಿಷ್ಟು ನೀರು ಹಾಕು. ಗ್ರಿಲ್ಲಿಗೆ, ಗ್ಯಾಸಿನ ಉರಿಗೆ, ತವಾ ಮೇಲೆ ಮಾತ್ರ ಬೇಡವೇ ಬೇಡ. ಕುಕ್ಕರಿನ ಆವಿ ಸುಮಾರು 120 ಡಿಗ್ರಿ, ಅದು ಪರವಾಗಿಲ್ಲ. ತಳಕ್ಕೆ ನೀರು ಹಾಕಿ ಸ್ಟ್ಯಾಂಡ್ ಮೇಲಿಡು.

ಸಿಲಿಕೋನ್ ಮೂಲಕ ಬಿಸಿ ನಿಧಾನವಾಗಿ ಹೋಗುವುದರಿಂದ ಮಫಿನ್ನಿನ ತಳ ತಗಡಿನ ಅಚ್ಚಿನಷ್ಟು ಕೆಂಪಾಗುವುದಿಲ್ಲ. ಕೆಂಪಾಗಲಿ ಅಂತ ನಾಬ್ ತಿರುಗಿಸಬೇಡ, ನಾಲ್ಕೈದು ನಿಮಿಷ ಹೆಚ್ಚು ಬಿಡು. ತೆಗೆದ ಮೇಲೆ ಪೂರ್ತಿ ಆರುವ ತನಕ ಕಾಯಿ, ಬೆನ್ನಿಂದ ಒತ್ತಿದರೆ ತಾನಾಗೇ ಕಳಚಿ ಬರುತ್ತದೆ. ಚಾಕು ಹಾಕಬೇಡ.