ನಿರೀಕ್ಷಿತ ಅಂಕಿಗೆ ಹೋಲಿಸಿ ಓದಬೇಕಾದ ಎಬಿಜಿ ವರದಿ

ಅಪಧಮನಿಯ ರಕ್ತದ ಆಮ್ಲೀಯತೆಯನ್ನೂ ಅದರಲ್ಲಿ ಕರಗಿರುವ ಅನಿಲಗಳನ್ನೂ ಅಳೆಯುವ ಎಬಿಜಿ ಪರೀಕ್ಷೆಯ ವರದಿಯನ್ನು ಓದಲು ಸ್ನಾತಕೋತ್ತರ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೊಡುವ ಪಾಠಟಿಪ್ಪಣಿಗಳು ಸಾಮಾನ್ಯವಾಗಿ ಮೂರು ಹಂತಗಳನ್ನು ಹೇಳುತ್ತವೆ. ಪಿಎಚ್ 7.35ಕ್ಕಿಂತ ಕಡಿಮೆಯಿದ್ದರೆ ಆಮ್ಲದ ಕಡೆಗೆ, 7.45ಕ್ಕಿಂತ ಹೆಚ್ಚಿದ್ದರೆ ಕ್ಷಾರದ ಕಡೆಗೆ ವಾಲಿದೆಯೆಂದು ಗುರುತಿಸುವುದು ಮೊದಲನೆಯದು. ಆ ವಾಲಿಕೆಗೆ ಉಸಿರಾಟದ ಅಂಕಿಯಾದ ಇಂಗಾಲದ ಡೈಆಕ್ಸೈಡ್ ಕಾರಣವೋ, ಚಯಾಪಚಯದ ಅಂಕಿಯಾದ ಬೈಕಾರ್ಬನೇಟ್ ಕಾರಣವೋ ಎಂದು ನೋಡುವುದು ಎರಡನೆಯದು. ಉಳಿದ ಅಂಕಿಯೂ ಸಹಜ ಮಿತಿಯಿಂದ ಸರಿದಿದ್ದರೆ ದೇಹವು ಏರುಪೇರನ್ನು ಸರಿದೂಗಿಸುತ್ತಿದೆ, ಅಂದರೆ ಕಾಂಪೆನ್ಸೇಶನ್ ನಡೆದಿದೆ, ಎಂದು ಬರೆಯುವುದು ಮೂರನೆಯದು. ಇಂಥದೊಂದು ಟಿಪ್ಪಣಿಯನ್ನು ತರಗತಿಯಲ್ಲಿ ಬಳಸಿದಾಗ ದೊರೆತ ಅನುಭವವು ಈ ಮೂರನೆಯ ಹಂತದಲ್ಲೇ ದೊಡ್ಡ ಕೊರತೆಯಿದೆ ಎಂಬುದನ್ನು ತೋರಿಸಿಕೊಟ್ಟಿತು.

ಅಭ್ಯಾಸಕ್ಕೆಂದು ಕೊಟ್ಟಿದ್ದ ವರದಿಯು ಇನ್ಸುಲಿನ್ ತಪ್ಪಿಸಿ ಮಧುಮೇಹದ ಕೀಟೋಅಸಿಡೋಸಿಸ್‌ಗೆ ಒಳಗಾದ ರೋಗಿಯದು: ಪಿಎಚ್ 7.10, ಇಂಗಾಲದ ಡೈಆಕ್ಸೈಡ್‌ನ ಒತ್ತಡ 28 ಮಿ.ಮೀ., ಬೈಕಾರ್ಬನೇಟ್ 8.5, ಸೋಡಿಯಂ 132, ಕ್ಲೋರೈಡ್ 95. ಬೈಕಾರ್ಬನೇಟ್ ತೀರಾ ಇಳಿದಿರುವುದರಿಂದ ಇದು ಚಯಾಪಚಯದ ಆಮ್ಲತೆ, ಅಂದರೆ ಮೆಟಬಾಲಿಕ್ ಅಸಿಡೋಸಿಸ್, ಎಂಬುದರಲ್ಲಿ ಸಂದೇಹವಿಲ್ಲ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್‌ಗಳನ್ನು ಕಳೆದಾಗ ಉಳಿಯುವ ಆನಯಾನ್ ಗ್ಯಾಪ್ ಸುಮಾರು 12ರ ಒಳಗಿರಬೇಕಾದದ್ದು ಇಲ್ಲಿ 28.5 ಇರುವುದರಿಂದ, ಕೀಟೋನ್ ಆಮ್ಲಗಳಂಥ ಅಳೆಯದ ಆಮ್ಲಗಳು ರಕ್ತದಲ್ಲಿ ಸೇರಿಕೊಂಡಿವೆ ಎಂಬುದೂ ಸ್ಪಷ್ಟ. ಇಲ್ಲಿಯವರೆಗೆ ಎಲ್ಲ ವಿದ್ಯಾರ್ಥಿಗಳೂ ಸರಿಯಾಗಿ ಸಾಗಿ, 28 ಎಂಬುದು ಸಹಜವಾದ 35ಕ್ಕಿಂತ ಕಡಿಮೆಯಾದ್ದರಿಂದ ‘ಭಾಗಶಃ ಸರಿದೂಗಿದ ಮೆಟಬಾಲಿಕ್ ಅಸಿಡೋಸಿಸ್’ ಎಂದು ಬರೆದು ನಿಲ್ಲಿಸಿದರು. ಟಿಪ್ಪಣಿಯು ಕಲಿಸಿದ್ದೇ ಅಷ್ಟಾದ್ದರಿಂದ ಈ ತಪ್ಪು ಟಿಪ್ಪಣಿಯದೇ ಹೊರತು ಅವರದಲ್ಲ.

ಕೇಳಬೇಕಾದ ಪ್ರಶ್ನೆಯೆಂದರೆ, ಇಷ್ಟು ತೀವ್ರ ಆಮ್ಲತೆಯಲ್ಲಿ ಆರೋಗ್ಯವಂತ ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡನ್ನು ಎಷ್ಟಕ್ಕೆ ಇಳಿಸಬೇಕಿತ್ತು ಎಂಬುದು. ಇದಕ್ಕೆ ಉತ್ತರಿಸುವ ವಿಂಟರ್ಸ್ ಸೂತ್ರ ಹೀಗಿದೆ:

```
PaCO₂ = (1.5 × HCO₃⁻) + 8 ± 2
```

8.5ನ್ನು ಇದರಲ್ಲಿಟ್ಟರೆ ನಿರೀಕ್ಷಿತ ಅಂಕಿ ಸುಮಾರು 21, ಅಂದರೆ 19ರಿಂದ 23ರೊಳಗೆ ಬರುತ್ತದೆ. ರೋಗಿಯ 28 ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿರುವುದರಿಂದ, ಸಹಜ ಮಿತಿಗೆ ಹೋಲಿಸಿದಾಗ ಕಡಿಮೆಯೆನಿಸುವ ಅದೇ ಅಂಕಿಯು ಈ ರೋಗಿಗೆ ಸಲ್ಲಬೇಕಾದ ಮಟ್ಟಕ್ಕೆ ಹೋಲಿಸಿದಾಗ ಉಸಿರಾಟದ ಆಮ್ಲತೆಯ ಗುರುತಾಗುತ್ತದೆ. ಒಂದರ ಮೇಲೊಂದು ಕೂಡಿಕೊಂಡ ಎರಡು ದೋಷಗಳು ಇಲ್ಲಿವೆ. ಸರಿದೂಗಿಸುವಿಕೆ ಪೂರ್ಣಗೊಳ್ಳಲು 12ರಿಂದ 24 ಗಂಟೆ ಬೇಕಾಗುವುದರಿಂದ, ದಿಢೀರನೆ ತಲೆದೋರಿದ ಆಮ್ಲತೆಯಲ್ಲಿ ಈ ತೀರ್ಮಾನಕ್ಕೆ ಆತುರಪಡಬಾರದು. ಆದರೆ ಕೀಟೋಅಸಿಡೋಸಿಸ್ ಸಾಮಾನ್ಯವಾಗಿ ಗಂಟೆಗಟ್ಟಲೆ ಬೆಳೆದು ಬರುವಂಥದು.

ಈ ಲೆಕ್ಕಕ್ಕೆ ಮೊದಲು ಮಾದರಿಯನ್ನೂ ಶಂಕಿಸಬೇಕಾಗುತ್ತದೆ. ಸಿರಿಂಜಿನಲ್ಲಿ ದ್ರವರೂಪದ ಹೆಪಾರಿನ್ ಹೆಚ್ಚು ಉಳಿದಿದ್ದರೆ ರಕ್ತ ತೆಳುವಾಗಿ ಇಂಗಾಲದ ಡೈಆಕ್ಸೈಡೂ ಬೈಕಾರ್ಬನೇಟೂ ಒಟ್ಟಿಗೆ ಸುಳ್ಳೇ ಇಳಿಯುತ್ತವೆ, ಪಿಎಚ್ ಮಾತ್ರ ಅಷ್ಟಾಗಿ ಕದಲುವುದಿಲ್ಲ. ಮೇಲಿನ ವರದಿಯಲ್ಲಿ ಪಿಎಚ್ ತೀವ್ರವಾಗಿ ಕುಸಿದಿರುವುದರಿಂದ ಆಮ್ಲತೆಯನ್ನು ಹೆಪಾರಿನ್‌ನ ತಲೆಗೆ ಕಟ್ಟಲಾಗದು.

ತಿದ್ದಿದ ಟಿಪ್ಪಣಿಯಲ್ಲಿ ನಿರೀಕ್ಷಿತ ಅಂಕಿಯ ಲೆಕ್ಕವನ್ನು ಮೂರನೆಯ ಹಂತದ ಜಾಗಕ್ಕೇ ತರಲಾಯಿತು, ಮತ್ತು ಅದರ ಪಕ್ಕದಲ್ಲಿ ಹಾಸಿಗೆಯ ಬಳಿ ನೋಡಬೇಕಾದ್ದನ್ನು ಸೇರಿಸಲಾಯಿತು: ಆಳವಾಗಿ, ವೇಗವಾಗಿ ನಡೆಯುತ್ತಿದ್ದ ಉಸಿರು ಮೇಲುಮೇಲಕ್ಕೆ ಬರುತ್ತಿದೆಯೇ, ರೋಗಿ ಮಂಪರಿಗೆ ಜಾರುತ್ತಿದ್ದಾರೆಯೇ, ನ್ಯುಮೋನಿಯಾದ ಲಕ್ಷಣವಿದೆಯೇ, ಇನ್ಸುಲಿನ್ ಹರಿಯುತ್ತಿರುವಾಗ ಪೊಟ್ಯಾಸಿಯಂ ಇಳಿದು ಉಸಿರಾಟದ ಸ್ನಾಯುಗಳು ಸೋಲುತ್ತಿವೆಯೇ. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ವರದಿಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಏಕೆಂದರೆ ಮುಂದಿನ ವರದಿಯಲ್ಲಿ ಇಂಗಾಲದ ಡೈಆಕ್ಸೈಡ್ 36 ಎಂದು ಬಂದರೆ, ಸಹಜ ಮಿತಿಯ ಪಟ್ಟಿಯನ್ನಷ್ಟೇ ನೋಡುವವರಿಗೆ ಅದು ಸುಧಾರಣೆಯಂತೆ ಕಾಣುತ್ತದೆ. ಬೈಕಾರ್ಬನೇಟ್ 9ರಲ್ಲೇ ಇದ್ದರೆ ಆಗ ಪಿಎಚ್ 7.02ಕ್ಕೆ ಇಳಿದಿರುತ್ತದೆ. ಕೃತಕ ಉಸಿರಾಟಕ್ಕೆ ಹಾಕಿದಾಗಲೂ ಇದೇ ಅಪಾಯವಿದೆ: ವೆಂಟಿಲೇಟರನ್ನು ವಾಡಿಕೆಯ ವೇಗಕ್ಕೆ ಹೊಂದಿಸಿ ಇಂಗಾಲದ ಡೈಆಕ್ಸೈಡನ್ನು 40ಕ್ಕೆ ‘ಸರಿಪಡಿಸಿದರೆ’, 8.5ರ ಬೈಕಾರ್ಬನೇಟ್ ಇರುವ ರೋಗಿಯ ಪಿಎಚ್ ಸುಮಾರು 6.95 ಆಗುತ್ತದೆ. ಆದ್ದರಿಂದ ಟ್ಯೂಬ್ ಹಾಕುವ ಮುನ್ನ ರೋಗಿ ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತಿದ್ದರೆಂಬುದನ್ನೂ ವಿಂಟರ್ಸ್ ಸೂತ್ರ ಕೊಟ್ಟ ಅಂಕಿಯನ್ನೂ ದಾಖಲೆಯ ಹಾಳೆಯಲ್ಲಿ ಬರೆದು, ವೆಂಟಿಲೇಟರ್ ಹೊಂದಿಸುವವರ ಕಣ್ಣಿಗೆ ಬೀಳುವಂತೆ ಇಡಬೇಕೆಂದು ಟಿಪ್ಪಣಿಯ ಕೊನೆಯ ಸಾಲು ಈಗ ಸೂಚಿಸುತ್ತದೆ.