ಒಂದೇ ವೆಂಟಿಲೇಟರ್ ಖಾಲಿ ಇರುವ ರಾತ್ರಿ

ಐಸಿಯು ಡ್ಯೂಟಿ ಹೊಸದು ನಿನಗೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನಮ್ಮ. 2021ರ ಏಪ್ರಿಲ್-ಮೇನಲ್ಲಿ ಆದ ಹಾಗೆ ಹಾಸಿಗೆಗಿಂತ ರೋಗಿಗಳು ಹೆಚ್ಚಾದ ದಿನ, ವೆಂಟಿಲೇಟರ್ ಯಾರಿಗೆ ಅನ್ನುವುದನ್ನು ಮುಖ ನೋಡಿ ತೀರ್ಮಾನಿಸಬೇಡ. ಮನಸ್ಸು ಚಿಕ್ಕ ವಯಸ್ಸಿನವರ ಕಡೆ ವಾಲುತ್ತದೆ, ಇಲ್ಲವೇ ಬಾಗಿಲಲ್ಲಿ ಜೋರಾಗಿ ಅಳುವವರ ಕಡೆ.

ಹೀಗೆಂದುಕೋ. ಮೂವರೂ ನ್ಯುಮೋನಿಯಾ ರೋಗಿಗಳು, ಮೂವರಿಗೂ ಮಾಸ್ಕಿನಲ್ಲಿ 15 ಲೀಟರ್ ಆಕ್ಸಿಜನ್ ಸಾಲುತ್ತಿಲ್ಲ, ಖಾಲಿ ಇರುವ ಮೆಷಿನ್ ಒಂದು. 71ರ ಅಜ್ಜ ಒಬ್ಬರು, ಮೊನ್ನೆಯವರೆಗೂ ತೋಟಕ್ಕೆ ನಡೆದು ಹೋಗುತ್ತಿದ್ದವರು. ಎರಡನೆಯವನು 46ರ ಗಂಡಸು; ಬಿಪಿ ನಿಲ್ಲಿಸಲು ನಾರ್‌ಅಡ್ರಿನಲಿನ್ ಜೋರಾಗಿ ಓಡುತ್ತಿದೆ, ಕೂಗಿದರೆ ಸರಿಯಾಗಿ ಕಣ್ಣು ಬಿಡುವುದಿಲ್ಲ, ಪ್ಲೇಟ್‌ಲೆಟ್ 60,000, ಎರಡೇ ದಿನದಲ್ಲಿ ಕ್ರಿಯಾಟಿನಿನ್ 4 ದಾಟಿದೆ. ಮೂರನೆಯವಳು 38ರ ಹೆಂಗಸು, ವರ್ಷಗಳಿಂದ ಡಯಾಲಿಸಿಸ್ ಮೇಲಿರುವವಳು.

ಸೋಫಾ ಸ್ಕೋರ್ ಹಾಕು. ಶ್ವಾಸಕೋಶ, ರಕ್ತ, ಲಿವರ್, ರಕ್ತದೊತ್ತಡ, ಪ್ರಜ್ಞೆ, ಕಿಡ್ನಿ ಈ ಆರಕ್ಕೂ 0ಯಿಂದ 4, ಒಟ್ಟು 24. ಎರಡನೆಯವನು ಹತ್ತಿರ ಹತ್ತಿರ 14ಕ್ಕೆ ಹೋಗುತ್ತಾನೆ. ಒಂದಾದ ಮೇಲೊಂದು ಅಂಗ ಕೈಕೊಡುತ್ತಿರುವವನಿಗೆ ಮೆಷಿನ್ ಗಾಳಿ ಕೊಟ್ಟೀತೇ ಹೊರತು ಉಳಿಸುವ ಸಾಧ್ಯತೆ ಕಡಿಮೆ. ಅಜ್ಜನದು ಬರೀ 2. ಡಯಾಲಿಸಿಸ್‌ನವಳದು 6 ಬರುತ್ತದೆ, ಆದರೆ ಅದರಲ್ಲಿ 4 ಕಿಡ್ನಿಯದೇ. ಆ ಕಿಡ್ನಿ ಈ ಕಾಯಿಲೆಯಿಂದ ಕೆಟ್ಟದ್ದಲ್ಲ, ಅದನ್ನು ಲೆಕ್ಕಕ್ಕೆ ಹಿಡಿದರೆ ಅವಳಿಗೆ ಮೋಸ. ಕಳೆದುಬಿಡು, ಇಬ್ಬರೂ ಸಮ. ಕೋವಿಡ್‌ನಲ್ಲಿ ಈ ಸ್ಕೋರ್ ಎಲ್ಲರೂ ಅಂದುಕೊಂಡಷ್ಟು ಕೆಲಸಕ್ಕೆ ಬರಲಿಲ್ಲ, ನೆನಪಿಡು. ಬಹುತೇಕರಿಗೆ ಕೆಟ್ಟಿದ್ದು ಶ್ವಾಸಕೋಶ ಒಂದೇ, ಹಾಗಾಗಿ ಎಲ್ಲರ ಅಂಕವೂ ಒಂದೇ. ತುಂಬಾ ಕೈಮೀರಿದವರನ್ನು ಬೇರ್ಪಡಿಸಲಷ್ಟೇ ಅದನ್ನು ನಂಬು.

ಸಮ ಬಂದವರಲ್ಲಿ ಯಾರು ಇನ್ನೂ ತಡೆದುಕೊಳ್ಳಬಲ್ಲರು ಎಂದು ನೋಡಬೇಕು. ಇಬ್ಬರನ್ನೂ ಹೈ ಫ್ಲೋಗೆ ಹಾಕಿ ಬೋರಲು ಮಲಗಿಸು. ಎರಡು ಗಂಟೆ ಬಿಟ್ಟು ಲೆಕ್ಕ ಮಾಡು: ಸ್ಯಾಚುರೇಷನ್ನನ್ನು ಕೊಡುತ್ತಿರುವ ಆಕ್ಸಿಜನ್ ಪ್ರಮಾಣದಿಂದ ಭಾಗಿಸು, ಬಂದದ್ದನ್ನು ನಿಮಿಷಕ್ಕೆ ಎಷ್ಟು ಉಸಿರೋ ಅದರಿಂದ ಭಾಗಿಸು. ಇದು ರಾಕ್ಸ್ ಇಂಡೆಕ್ಸ್. ಅಜ್ಜನಿಗೆ 60 ಪರ್ಸೆಂಟ್ ಆಕ್ಸಿಜನ್ನಿನಲ್ಲಿ 92, ಉಸಿರು 26 ಇದ್ದರೆ 92ನ್ನು 0.6ರಿಂದ, ಮತ್ತೆ 26ರಿಂದ ಭಾಗಿಸಿದಾಗ ಸುಮಾರು 5.9. ಅವಳಿಗೆ 80 ಪರ್ಸೆಂಟಿನಲ್ಲಿ 90, ಉಸಿರು 36; 3.1 ಬಂತು. 4.88 ಮೇಲಿದ್ದವರು ಸಾಮಾನ್ಯವಾಗಿ ಹೈ ಫ್ಲೋದಲ್ಲೇ ದಾಟುತ್ತಾರೆ. ಅವಳು ಆಗಲೇ ಕತ್ತಿನ ಸ್ನಾಯು ಎಳೆದು ಉಸಿರಾಡುತ್ತಿರುತ್ತಾಳೆ, ಒಂದು ವಾಕ್ಯ ಮುಗಿಸಲಾರಳು. ಮೆಷಿನ್ ಅವಳಿಗೆ. ವಯಸ್ಸು ನೋಡಿ ಕೊಟ್ಟದ್ದಲ್ಲ; ಅಂಕೆ ತಿರುಗುಮುರುಗು ಆಗಿದ್ದರೆ ಅಜ್ಜನಿಗೇ ಹೋಗುತ್ತಿತ್ತು.

ಹೈ ಫ್ಲೋ ಅಂತ ಧಾರಾಳ ಮಾಡಬೇಡ. ನಿಮಿಷಕ್ಕೆ 60 ಲೀಟರ್ ಹರಿಸಿ 100 ಪರ್ಸೆಂಟ್ ಕೊಟ್ಟರೆ ಒಬ್ಬನಿಗೇ ನಾಲ್ಕು ಮಾಸ್ಕಿನ ಆಕ್ಸಿಜನ್ ಹೋಗುತ್ತದೆ. ಟ್ಯಾಂಕಿನ ಪ್ರೆಷರ್ ಇಳಿಯುತ್ತಿರುವಾಗ ಸ್ಯಾಚುರೇಷನ್ 99 ಮಾಡಿ ತೋರಿಸುವ ಹುಮ್ಮಸ್ಸು ಬೇಡ. 92ರಿಂದ 96 ಇದ್ದರೆ ಸಾಕು.

ಟ್ಯೂಬ್ ಹಾಕುವ ಮುಂಚೆಯೇ ಇಷ್ಟು ಯೋಚಿಸು ಅನ್ನುವುದಕ್ಕೆ ಕಾರಣವಿದೆ. ದಿನಗಳು ಕಳೆದರೂ ಚೇತರಿಸದವರಿಂದ ಮೆಷಿನ್ ತೆಗೆದು ಇನ್ನೊಬ್ಬರಿಗೆ ಕೊಡುವ ಮಾತು ಅಮೆರಿಕದ ಕೆಲವು ರಾಜ್ಯಗಳ ನಿಯಮಗಳಲ್ಲಿದೆ. ನಮ್ಮಲ್ಲಿ ಅದು ಅಷ್ಟು ಸುಲಭವಲ್ಲ. ಮೆಷಿನ್ ತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ ದಾರಿಯಲ್ಲೂ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ಅದಿರುವುದೂ ಆ ರೋಗಿಯ ಹಿತಕ್ಕಾಗಿ. ಪಕ್ಕದ ಹಾಸಿಗೆಯವರಿಗೆ ಮೆಷಿನ್ ಬಿಡಿಸಿಕೊಡಲಿಕ್ಕಲ್ಲ.

ಈ ತೀರ್ಮಾನ ನಿನ್ನೊಬ್ಬಳದಾಗಬಾರದು. ಆ ಮೂವರ ಚಿಕಿತ್ಸೆಯಲ್ಲಿ ಇಲ್ಲದ ಒಬ್ಬ ಹಿರಿಯ ವೈದ್ಯರು, ಜೊತೆಗೆ ಐಸಿಯು ಇನ್‌ಚಾರ್ಜ್ ಸಿಸ್ಟರ್ ಕೂತು ಆರಿಸಲಿ. ಹೆಸರು, ಊರು, ಶಿಫಾರಸು ಇಲ್ಲದೆ ಬರೀ ಅಂಕೆಗಳನ್ನು ಅವರ ಮುಂದಿಡು. ಯಾರೋ ದೊಡ್ಡವರ ಫೋನ್ ಬಂದೇ ಬರುತ್ತದೆ. ಕಮಿಟಿ ನೋಡುತ್ತಿದೆ ಸಾರ್ ಅಂತ ಹೇಳಿ ಇಟ್ಟುಬಿಡು. ಕಾರಣವನ್ನು, ಗಂಟೆ ಸಮೇತ, ಕೇಸ್ ಶೀಟಿನಲ್ಲಿ ಬರೆ.

ಇನ್ನು ಎರಡನೆಯವನು. ಅವನ ಹೆಂಡತಿಗೆ ‘ಬೆಡ್ ಇಲ್ಲ’ ಎಂದಷ್ಟೇ ಹೇಳಿ ಬರಬೇಡ, ಆಯಮ್ಮ ಊರೆಲ್ಲ ಬೆಡ್ ಹುಡುಕಿಕೊಂಡು ಅಲೆಯುತ್ತಾಳೆ. ಕೂರಿಸಿ ಹೇಳು: ಮೆಷಿನ್ ಹಾಕಿದರೂ ಉಳಿಯುವುದು ಕಷ್ಟ ಅಂತ ನಮಗೆ ಅನ್ನಿಸುತ್ತಿದೆ, ಆಕ್ಸಿಜನ್ನೂ ಔಷಧಿಯೂ ನಿಲ್ಲುವುದಿಲ್ಲ. ಏದುಸಿರು ತಗ್ಗಲು ಮಾರ್ಫಿನ್ ಸಣ್ಣ ಪ್ರಮಾಣದಲ್ಲಿ ಕೊಡು, ಒಂದು ಸಲ ಒಳಗೆ ಕರೆದು ಮುಖ ತೋರಿಸು. ಬೆಳಿಗ್ಗೆ ಆರಕ್ಕೆ ಅವನ ಸ್ಕೋರ್ ಮತ್ತೆ ಹಾಕು. ಬಿಪಿ ಔಷಧಿ ಇಳಿದು ಪ್ರಜ್ಞೆ ಬಂದಿದ್ದರೆ, ಮುಂದೆ ಖಾಲಿಯಾಗುವ ಮೆಷಿನ್‌ಗೆ ಅವನ ಅಂಕೆಯನ್ನೂ ಕಮಿಟಿ ಮುಂದಿಡು.